ಮಕ್ಕಳ ಆರೋಗ್ಯ ತಪಾಸಣೆ: ತರಗತಿವಾರು ಸಾರಾಂಶ (1ರಿಂದ 7ನೇ ತರಗತಿ)

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕೆ.ಆರ್. ಮಾರ್ಕೆಟ್ ಹತ್ತಿರ, ಬೆಂಗಳೂರು
ತಪಾಸಣೆ ನಡೆದದ್ದು: 2025ರ ಜುಲೈ 8 ಮತ್ತು 9
ಸಾರಾಂಶ ಬರೆದದ್ದು: ಜುಲೈ 21
ಯಾರಿಗೆ: ಮುಖ್ಯ ಶಿಕ್ಷಕಿಯವರಿಗೆ, ಎಲ್ಲ ತರಗತಿ ಶಿಕ್ಷಕರಿಗೆ. ಜುಲೈ 26ರ ಎಸ್‌ಡಿಎಂಸಿ ಸಭೆಯಲ್ಲಿ ಇಡಲು.

ಮೇಡಂ,

ತಪಾಸಣಾ ತಂಡ ಬಿಟ್ಟುಹೋದ ಕಟ್ಟಿನಲ್ಲಿ 209 ಹಾಳೆಗಳಿದ್ದವು. ಮೂರು ಮಕ್ಕಳಿಗೆ ಎರಡೆರಡು ಹಾಳೆ ತುಂಬಿದ್ದರು. ಇಬ್ಬರ ಹಾಳೆಯಲ್ಲಿ ಹೋದ ವರ್ಷದ ತರಗತಿಯೇ ಇತ್ತು. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಇವನ್ನು ಸರಿಪಡಿಸಿದ ಮೇಲೆ ನಿಜವಾಗಿ ತಪಾಸಣೆ ಆದ ಮಕ್ಕಳು 206. ದಾಖಲಾತಿ 219. ಆ ಎರಡು ದಿನ ಬಾರದವರು 13 ಮಂದಿ. ಅದರಲ್ಲಿ ನಾಲ್ವರು 7ನೇ ತರಗತಿಯವರು. ಪದೇ ಪದೇ ಶಾಲೆ ತಪ್ಪಿಸುವ ಮಕ್ಕಳೇ ತಪಾಸಣೆಯನ್ನೂ ತಪ್ಪಿಸಿಕೊಂಡಿದ್ದಾರೆ. ಮೊದಲು ನೋಡಬೇಕಾದವರೂ ಬಹುಶಃ ಅವರೇ.

ಎಣಿಸುವಾಗ ಒಂದು ನಿಯಮ ಬಿಡದೆ ಪಾಲಿಸಿದ್ದೇನೆ. ಹಾಳೆಯಲ್ಲಿ ಖಾಲಿ ಬಿಟ್ಟ ಜಾಗವನ್ನು 'ಸರಿಯಿದೆ' ಎಂದು ಓದಿಲ್ಲ, 'ಪರೀಕ್ಷೆ ಆಗಿಲ್ಲ' ಎಂದು ಬರೆದಿದ್ದೇನೆ. ಹೋದ ವರ್ಷದ ಸಾರಾಂಶ ಮಾಡಿದ್ದೂ ನಾನೇ. ಆಗ ಖಾಲಿ ಜಾಗಗಳನ್ನೆಲ್ಲ ಸರಿಯಿದೆ ಎಂದು ಸೇರಿಸಿಬಿಟ್ಟಿದ್ದೆ. ಹಾಗಾಗಿ ಹೋದ ವರ್ಷದ ಅಂಕಿಗಳ ಜೊತೆ ಇವನ್ನು ಹೋಲಿಸಬೇಡಿ.

| ತರಗತಿ | ದಾಖಲಾತಿ | ತಪಾಸಣೆ ಆದವರು | ದೃಷ್ಟಿ ದೋಷ | ಹುಳುಕು ಹಲ್ಲು | ಅದರಲ್ಲಿ ಶಾಶ್ವತ ಹಲ್ಲಿನಲ್ಲಿ | ತೆಳು | ತೂಕ ಜಾಸ್ತಿ | ರಕ್ತಹೀನತೆ |
|---|---|---|---|---|---|---|---|---|
| 1 | 24 | 22 | 1 | 13 | 1 | 3 | 0 | 3* |
| 2 | 27 | 26 | 1 | 16 | 3 | 4 | 0 | 2* |
| 3 | 29 | 28 | 2 | 17 | 6 | 4 | 1 | 3* |
| 4 | 31 | 29 | 3 | 14 | 7 | 5 | 1 | 11* |
| 5 | 34 | 33 | 5 | 11 | 8 | 5 | 2 | 12 |
| 6 | 38 | 36 | 7 | 10 | 9 | 7 | 3 | 15 |
| 7 | 36 | 32 | 6 | 9 | 9 | 5 | 2 | 17 |
| ಒಟ್ಟು | 219 | 206 | 25 | 90 | 43 | 33 | 9 | ಕೆಳಗೆ ನೋಡಿ |

* ಕಣ್ಣಿನ ರೆಪ್ಪೆಯ ಒಳಭಾಗ, ಉಗುರು ಬಿಳಿಚಿದೆಯೇ ಎಂದು ನೋಡಿ ಬರೆದದ್ದು. ರಕ್ತ ಪರೀಕ್ಷೆ ಅಲ್ಲ.

ಕೊನೆಯ ಕಾಲಂಗೆ ಒಟ್ಟು ಹಾಕದೆ ಬಿಟ್ಟಿದ್ದು ಬೇಕಂತಲೇ. 1ರಿಂದ 4ರವರೆಗೆ ಕಣ್ಣಳತೆ, 5ರಿಂದ 7ರವರೆಗೆ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದ್ದು. ಎರಡನ್ನೂ ಕೂಡಿಸಿ 63 ಎಂದು ಬರೆದರೆ ಆ ಸಂಖ್ಯೆಗೆ ಅರ್ಥವಿಲ್ಲ. ಹಾಗೆಯೇ ಎಲ್ಲ ಕಾಲಂಗಳನ್ನು ಕೂಡಿಸಿ 'ಇಷ್ಟು ಮಕ್ಕಳಿಗೆ ತೊಂದರೆ' ಎಂದೂ ಹೇಳಬೇಡಿ. ಶಾಶ್ವತ ಹಲ್ಲಿನ ಕಾಲಂ ಬಿಟ್ಟು ಕೂಡಿಸಿದರೂ 220 ಬರುತ್ತದೆ, ನೋಡಿದ ಮಕ್ಕಳಿಗಿಂತ ಜಾಸ್ತಿ! ಒಬ್ಬನೇ ಹುಡುಗ ಮೂರು ಕಾಲಂನಲ್ಲಿ ಇರಬಹುದಲ್ವಾ. ಮಕ್ಕಳ ಲೆಕ್ಕದಲ್ಲಿ ಹೇಳಬೇಕಾದರೆ, ಒಂದಾದರೂ ತೊಂದರೆ ಬರೆದಿರುವವರು 138. ಏನೂ ಬರೆಯದೆ ಇರುವವರು 68.

ರಕ್ತಹೀನತೆ

ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ಸಭೆಯಲ್ಲಿ ಜಾಸ್ತಿ ಹೊತ್ತು ಇದಕ್ಕೇ ಬೇಕು.

5, 6, 7ನೇ ತರಗತಿಯಲ್ಲಿ ತಪಾಸಣೆಗೆ ಬಂದವರು 101. ಸೂಜಿಗೆ ಹೆದರಿ ಬೆರಳು ಕೊಡದವರು 7 (5ರಲ್ಲಿ 3, 6ರಲ್ಲಿ 3, 7ರಲ್ಲಿ 1). ಉಳಿದ 94 ಮಕ್ಕಳಲ್ಲಿ 44 ಮಂದಿಗೆ ರಕ್ತಹೀನತೆ ಇದೆ. ಹತ್ತಿರ ಹತ್ತಿರ ಅರ್ಧ.

| ತರಗತಿ | ಪರೀಕ್ಷೆ ಆದವರು | ಸೌಮ್ಯ | ಮಧ್ಯಮ | ತೀವ್ರ | ಒಟ್ಟು |
|---|---|---|---|---|---|
| 5 | 30 | 7 | 5 | 0 | 12 |
| 6 | 33 | 8 | 7 | 0 | 15 |
| 7 | 31 | 9 | 7 | 1 | 17 |
| ಒಟ್ಟು | 94 | 24 | 19 | 1 | 44 |

ಗೆರೆ ಎಳೆದದ್ದು ತರಗತಿ ನೋಡಿ ಅಲ್ಲ, ವಯಸ್ಸು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ 5ರಿಂದ 11 ವರ್ಷದವರಿಗೆ 11.5 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 12ರಿಂದ 14ರವರಿಗೆ 12ಕ್ಕಿಂತ ಕಡಿಮೆ. ಎರಡೂ ಗುಂಪಿಗೆ 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ. 6ನೇ ತರಗತಿಯಲ್ಲಿ 11 ವರ್ಷದವರೂ ಇದ್ದಾರೆ, 12 ತುಂಬಿದವರೂ ಇದ್ದಾರೆ. ಇಡೀ ತರಗತಿಗೆ 11.5 ಎಂದು ಒಂದೇ ಗೆರೆ ಎಳೆದಿದ್ದರೆ, 12 ತುಂಬಿದ ನಾಲ್ಕು ಮಕ್ಕಳು ಪಟ್ಟಿಯಿಂದ ಹೊರಗೇ ಉಳಿಯುತ್ತಿದ್ದರು. ತಪಾಸಣೆಯ ದಿನಕ್ಕೆ ಎಷ್ಟು ವರ್ಷ ತುಂಬಿತ್ತು ಎಂದು ದಾಖಲಾತಿ ಪುಸ್ತಕ ನೋಡಿ ಒಬ್ಬೊಬ್ಬರದೇ ಲೆಕ್ಕ ಹಾಕಿದ್ದೇನೆ.

ತೀವ್ರ ಎಂದು ಬಂದ ಮಗುವನ್ನು ಅಂದೇ ಮಧ್ಯಾಹ್ನ ಅಮ್ಮನ ಜೊತೆ ವಾಣಿ ವಿಲಾಸ ಆಸ್ಪತ್ರೆಗೆ ಕಳುಹಿಸಲಾಗಿದೆ. ಚಿಕಿತ್ಸೆ ನಡೆಯುತ್ತಿದೆ.

7ನೇ ತರಗತಿಯ 17ರಲ್ಲಿ 12 ಹುಡುಗಿಯರು. ಆದರೆ ಇದು ಹುಡುಗಿಯರ ಸಮಸ್ಯೆ ಮಾತ್ರ ಎಂದುಕೊಂಡು ಕೂರಬಾರದು. 5ನೇ ತರಗತಿಯ 12ರಲ್ಲಿ 7 ಹುಡುಗರು.

ಈಗ 4ನೇ ತರಗತಿಯ 11ರ ವಿಷಯ. ಪಕ್ಕದ 3ನೇ ತರಗತಿಯಲ್ಲಿ 3, ಇಲ್ಲಿ ಒಮ್ಮೆಲೇ 11. 1ರಿಂದ 3ರವರೆಗಿನ ಮಕ್ಕಳನ್ನು ಮೊದಲ ದಿನ ಒಬ್ಬ ಡಾಕ್ಟರ್ ನೋಡಿದ್ದರು. 4ನೇ ತರಗತಿಯನ್ನು ಎರಡನೇ ದಿನ ಬೇರೆಯವರು ನೋಡಿದರು. ಒಬ್ಬರ ಕಣ್ಣಿಗೆ ಬಿಳಿಚಿದ್ದು ಇನ್ನೊಬ್ಬರಿಗೆ ಮಾಮೂಲಿ ಕಂಡಿರಬಹುದು. ಹಾಗಂತ 11 ತಪ್ಪು, 3 ಸರಿ ಎಂದಲ್ಲ. ಮೇಲಿನ ತರಗತಿಗಳಲ್ಲಿ ಯಂತ್ರವೇ ಅರ್ಧದಷ್ಟು ಮಕ್ಕಳಿಗೆ ಕಡಿಮೆ ತೋರಿಸಿರುವಾಗ, ಕೆಳಗಿನ ಮೂರು ತರಗತಿಗಳಲ್ಲಿ ಎಂಟೇ ಮಂದಿ ಎನ್ನುವುದನ್ನು ನಂಬುವುದು ನನಗೆ ಕಷ್ಟ. 1ರಿಂದ 4ರವರೆಗೂ ರಕ್ತ ಪರೀಕ್ಷೆ ಮಾಡಿಕೊಡಿ ಎಂದು ತಂಡವನ್ನು ಕೇಳಿದ್ದೇನೆ. ಎಲ್ಲರಿಗೂ ಆಗದಿದ್ದರೆ ಬಿಳಿಚಿದೆ ಎಂದು ಬರೆದಿರುವ 19 ಮಕ್ಕಳಿಗಾದರೂ ಆಗಲೇಬೇಕು.

ತರಗತಿ ಶಿಕ್ಷಕರಿಗೆ ಒಂದು ಮಾತು. ಸೋಮವಾರದ ಕಬ್ಬಿಣಾಂಶದ ಮಾತ್ರೆ (5ರವರೆಗೆ ಗುಲಾಬಿ, 6ರಿಂದ ನೀಲಿ) ರಕ್ತಹೀನತೆ ಬಾರದಂತೆ ತಡೆಯಲು ವಾರಕ್ಕೊಂದು ಕೊಡುವುದು. ಈಗಾಗಲೇ ಕಡಿಮೆ ಇರುವ 44 ಮಕ್ಕಳಿಗೆ ಅದೊಂದೇ ಸಾಲದು. ಅವರಿಗೆ ಎಷ್ಟು, ಎಷ್ಟು ದಿನ ಎಂದು ಡಾಕ್ಟರ್ ಹೇಳಬೇಕು. ನಾವಾಗಿ ಎರಡೆರಡು ಕೊಡುವುದು ಬೇಡ. ಇನ್ನೊಂದು: ಮಾತ್ರೆ ಕೊಟ್ಟು ಟಿಕ್ ಹಾಕುವುದು ಬೇರೆ, ನುಂಗಿದ್ದು ನೋಡುವುದು ಬೇರೆ. ಹೋದ ತಿಂಗಳು ಕೈತೊಳೆಯುವ ನಲ್ಲಿಯ ಹಿಂದೆ ನೀಲಿ ಮಾತ್ರೆಗಳು ಸಿಕ್ಕಿದ್ದು ಗೊತ್ತೇ ಇದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ ಎಂದು ಮಕ್ಕಳು ಹೆದರುತ್ತಾರೆ. ಕಪ್ಪಗಾಗುವುದು ಸಹಜ ಎಂದು ಮೊದಲೇ ಹೇಳಿ. ಬಿಸಿಯೂಟ ಆದ ಮೇಲೆ, ನಿಮ್ಮ ಎದುರಿಗೇ ನುಂಗಿಸಿ. ಆಗಸ್ಟ್‌ನ ಜಂತುಹುಳು ಮಾತ್ರೆಯ ದಿನ ಈ 44 ಜನರಲ್ಲಿ ಯಾರೂ ತಪ್ಪಬಾರದು.

ಪೋಷಣೆ

ವಯಸ್ಸಿಗೆ ತಕ್ಕ ಬಿಎಂಐ ಲೆಕ್ಕದಲ್ಲಿ 33 ಮಕ್ಕಳು ತೆಳು. ಅದರಲ್ಲಿ ನಾಲ್ವರು ತೀರಾ ತೆಳು (2ರಲ್ಲಿ 1, 4ರಲ್ಲಿ 1, 6ರಲ್ಲಿ 2). 6ನೇ ತರಗತಿಯ ಏಳು ತೆಳು ಮಕ್ಕಳಲ್ಲಿ ಐವರಿಗೆ ರಕ್ತಹೀನತೆಯೂ ಇದೆ. ಈ ಐವರ ಮನೆಯವರ ಜೊತೆ ನಾನೇ ಮಾತಾಡುತ್ತೇನೆ.

ಅಳತೆಯಲ್ಲಿ ತಪ್ಪುಗಳಿದ್ದವು. 5ನೇ ತರಗತಿಯ ಒಬ್ಬ ಹುಡುಗನ ಎತ್ತರ 103 ಸೆಂ.ಮೀ. ಎಂದಿತ್ತು. ಕರೆದು ಅಳೆದರೆ 130. ಹಾಳೆಯಲ್ಲಿದ್ದಂತೆ ಲೆಕ್ಕ ಹಾಕಿದ್ದರೆ ಅವನು ತೂಕ ಜಾಸ್ತಿ ಇರುವವರ ಪಟ್ಟಿಗೆ ಹೋಗುತ್ತಿದ್ದ. ಅವನು ಎಷ್ಟು ಸಣಕಲು ಎಂದು ನಿಮಗೂ ಗೊತ್ತು! ಇಂಥ ಆರು ಹಾಳೆಗಳ ಮಕ್ಕಳನ್ನು ಮತ್ತೆ ಅಳೆದು ತೂಗಿ ತಿದ್ದಿದ್ದೇನೆ. ಹಳೆಯ ಅಂಕಿ ಅಳಿಸಿಲ್ಲ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಹಾಳೆಯಲ್ಲಿ ಇಲ್ಲದ ಒಂದು ವಿಷಯ. ನಮ್ಮ ಮಕ್ಕಳಲ್ಲಿ ಬಹಳ ಜನರ ಅಪ್ಪ ಅಮ್ಮ ಹೂವು, ತರಕಾರಿ ವ್ಯಾಪಾರಕ್ಕೆ ಬೆಳಗಿನ ಜಾವವೇ ಮಾರ್ಕೆಟ್‌ಗೆ ಹೋಗಿಬಿಡುತ್ತಾರೆ. ಮಕ್ಕಳ ಬೆಳಗಿನ ತಿಂಡಿ ಎಂದರೆ ಟೀ, ಬನ್ನು. ಊಟದ ಜೊತೆ ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹಿಡಿಯುವುದಿಲ್ಲ, ನಿಂಬೆಹುಳಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಇದನ್ನು ಪೋಷಕರ ಸಭೆಯಲ್ಲಿ ಹೇಳಬಹುದು. ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವವರಿಗೆ ಸೊಪ್ಪು ತಿನ್ನಿಸಿ ಎಂದು ಉಪದೇಶ ಮಾಡುವುದು ಮಾತ್ರ ಬೇಡ. ಅವರಿಗೆ ಇಲ್ಲದಿರುವುದು ಬೆಳಿಗ್ಗೆ ಅಡುಗೆ ಮಾಡುವಷ್ಟು ಹೊತ್ತು.

ತೂಕ ಜಾಸ್ತಿ ಇರುವವರು 9. ದಯವಿಟ್ಟು ಇದನ್ನು ತರಗತಿಯಲ್ಲಿ ಓದಬೇಡಿ.

ಹಲ್ಲು

90 ಮಕ್ಕಳಿಗೆ ಹುಳುಕು. ಆದರೆ ಗಮನ ಕೊಡಬೇಕಾದದ್ದು 43ಕ್ಕೆ, ಶಾಶ್ವತ ಹಲ್ಲು ಕೆಟ್ಟವರಿಗೆ. 1ನೇ ತರಗತಿಯಲ್ಲಿ ಒಂದೇ ಒಂದು ಇರುವುದು 3ಕ್ಕೆ ಬರುವಾಗ ಆರಾಗಿದೆ. ಕಾರಣ ಸುಲಭ. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯಲ್ಲಿ ಅದನ್ನೂ ಹಾಲು ಹಲ್ಲು ಎಂದೇ ತಿಳಿಯುತ್ತಾರೆ. 'ಬಿದ್ದು ಹೋಗುತ್ತೆ ಬಿಡಿ ಟೀಚರ್' ಎನ್ನುತ್ತಾರೆ. ಅದು ಬೀಳುವ ಹಲ್ಲಲ್ಲ.

ನೋವು ಅಥವಾ ಬಾವು ಇರುವ ಏಳು ಮಕ್ಕಳನ್ನು (2ರಲ್ಲಿ 2, 3ರಲ್ಲಿ 3, 4ರಲ್ಲಿ 1, 6ರಲ್ಲಿ 1) ಈ ವಾರವೇ ಕೋಟೆಯ ಹತ್ತಿರದ ಸರ್ಕಾರಿ ದಂತ ಕಾಲೇಜಿಗೆ ಕರೆದೊಯ್ಯಬೇಕು. ಉಳಿದವರಿಗೆ ಚೀಟಿ ಕೊಡಲಾಗಿದೆ.

ಕಣ್ಣು

ಆರು ಮೀಟರ್ ದೂರದಿಂದ ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದ್ದಾರೆ. ಯಾವುದಾದರೂ ಒಂದು ಕಣ್ಣಿನಲ್ಲಿ 6/9ರ ಸಾಲು ಓದಲಾಗದವರನ್ನು ದೋಷ ಎಂದು ಎಣಿಸಿದ್ದೇನೆ. 25ರಲ್ಲಿ 6 ಮಂದಿಗೆ ಮೊದಲೇ ಕನ್ನಡಕ ಇದೆ (4ರಲ್ಲಿ 1, 5ರಲ್ಲಿ 1, 6ರಲ್ಲಿ 2, 7ರಲ್ಲಿ 2). ಅಂದು ಹಾಕಿಕೊಂಡು ಬಂದವರು ಇಬ್ಬರೇ. ಹೊಸದಾಗಿ ಕಂಡುಬಂದವರು 19.

1ನೇ ತರಗತಿಯ 'ಒಂದು' ನೋಡಿ ಸಮಾಧಾನ ಪಡಬೇಡಿ. ಅಲ್ಲಿ 22ರಲ್ಲಿ 9 ಮಕ್ಕಳಿಗೆ ಅಕ್ಷರ ಓದಲು ಬರದೆ ಪರೀಕ್ಷೆಯೇ ಆಗಿಲ್ಲ. ಇವರಿಗೆ E ಗುರುತಿನ ಪಟ್ಟಿ ಬೇಕು, ಅದು ಯಾವ ಕಡೆ ತಿರುಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಅಂದು ಆ ಪಟ್ಟಿ ಇರಲಿಲ್ಲ.

ಮಿಂಟೋ ಕಣ್ಣಾಸ್ಪತ್ರೆ ನಮಗೆ ನಡೆದು ಹೋಗುವಷ್ಟು ಹತ್ತಿರ. ಆದರೂ ಹೋದ ವರ್ಷ ಕೊಟ್ಟ ಚೀಟಿಗಳಲ್ಲಿ ಹೆಚ್ಚಿನವು ಬ್ಯಾಗಿನಲ್ಲೇ ಉಳಿದವು. ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಹೋಗಬೇಕು, ಪೋಷಕರ ದುಡಿಮೆಯೂ ಬೆಳಿಗ್ಗೆಯೇ. ಆದ್ದರಿಂದ ಈ ಸಲ ಪೋಷಕರ ಒಪ್ಪಿಗೆ ಬರೆಸಿಕೊಂಡು, 19 ಮಕ್ಕಳನ್ನು ಎರಡು ತಂಡ ಮಾಡಿ ನಾವೇ ಕರೆದೊಯ್ಯೋಣ ಎಂದು ನನ್ನ ಸಲಹೆ. ಎಸ್‌ಡಿಎಂಸಿಯಿಂದ ಇಬ್ಬರು ಜೊತೆಗೆ ಬಂದರೆ ಸಾಕು. ಅಲ್ಲಿಯವರೆಗೆ 25 ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ಕಾರಣ ಹೇಳಬೇಕಿಲ್ಲ.

ಬಾಕಿ ಇರುವುದು

ಗೈರುಹಾಜರಾದ 13 ಮಕ್ಕಳ ಪೂರ್ತಿ ತಪಾಸಣೆ. 1ನೇ ತರಗತಿಯ 9 ಮಕ್ಕಳ ಕಣ್ಣು. ಬೆರಳು ಕೊಡದ 7 ಮಕ್ಕಳ ಮತ್ತು ಬಿಳಿಚಿದೆ ಎಂದು ಬರೆದ 19 ಮಕ್ಕಳ ಹಿಮೋಗ್ಲೋಬಿನ್. ತಂಡ ಆಗಸ್ಟ್ 6ರಂದು ಮತ್ತೆ ಬರಲು ಒಪ್ಪಿದೆ. ಹಿಂದಿನ ದಿನ ಸಂಜೆ ಈ ಮಕ್ಕಳ ಮನೆಗೆ ಫೋನ್ ಮಾಡಬೇಕು.

ಈ ಸಾರಾಂಶದಲ್ಲಿ ಯಾವ ಮಗುವಿನ ಹೆಸರೂ ಇಲ್ಲ. ಹೆಸರಿರುವ ಪಟ್ಟಿಗಳನ್ನು ತರಗತಿಗೊಂದರಂತೆ ಏಳು ಲಕೋಟೆಗಳಲ್ಲಿ ಹಾಕಿ ನಿಮ್ಮ ಬೀರುವಿನಲ್ಲಿ ಇಟ್ಟಿದ್ದೇನೆ. ತರಗತಿ ಶಿಕ್ಷಕರು ಸಹಿ ಮಾಡಿ ತಮ್ಮದನ್ನು ಮಾತ್ರ ತೆಗೆದುಕೊಳ್ಳಲಿ. ವಾಟ್ಸಾಪ್ ಗುಂಪಿಗೆ ಫೋಟೋ ಹಾಕುವುದು ಬೇಡ.

ಶಾಲಾ ಆರೋಗ್ಯ ಉಸ್ತುವಾರಿ ಶಿಕ್ಷಕಿ