ಪುಟ್ಟಿಯ ಗಡಿಗೆ, ಗುಂಡನ ಕಾಳು

ಆ ವರ್ಷ ಮಳೆ ಕಡಿಮೆ. ಸಂತೆಗೆ ಕಾಳು ತಂದವನು ಗುಂಡ ಒಬ್ಬನೇ, ಅದೂ ಎರಡೇ ಚೀಲ. ಜನ ಮುತ್ತಿಕೊಂಡರು.

ಕುಂಬಾರರ ಪುಟ್ಟಿ ಗಡಿಗೆ ಹೊತ್ತು ಬಂದಳು. ಅವಳ ಮನೆಯಲ್ಲಿ ಒಂದು ಹಿಡಿ ಕಾಳೂ ಇರಲಿಲ್ಲ.

"ಗುಂಡಣ್ಣ, ಹೋದ ವರ್ಷ ಒಂದು ಗಡಿಗೆಗೆ ಎರಡು ಸೇರು ಕೊಟ್ಟಿದ್ದೆ ಅಲ್ವಾ?"

"ಈ ಸಲ ಒಂದೇ ಸೇರು, ಪುಟ್ಟಿ. ಕೇಳೋರು ಜಾಸ್ತಿ, ಕಾಳು ಕಡಿಮೆ."

ಪುಟ್ಟಿ ಯೋಚಿಸಿದಳು. ಮನೆ ತುಂಬ ಗಡಿಗೆಗಳಿವೆ. ಆದರೆ ಗಡಿಗೆ ತಿನ್ನೋಕಾಗುತ್ತಾ? ಗುಂಡನಿಗೂ ಬಿತ್ತನೆ ಕಾಳನ್ನು ಹುಳು ಹಿಡಿಯದಂತೆ ಇಡಲು ಗಡಿಗೆ ಬೇಕಿತ್ತು. ಮಾಡೋಕೆ ಅವನಿಗೆ ಬರುತ್ತಿರಲಿಲ್ಲ.

"ಸರಿ, ಮೂರು ಗಡಿಗೆ ತಗೋ."

ಗುಂಡ ಖುಷಿಯಿಂದ ಮೂರು ಸೇರು ಅಳೆದ. "ಮುಂದಿನ ಸಂತೆಗೆ ಇನ್ನೂ ದೊಡ್ಡ ಗಡಿಗೆ ತರ್ತೀಯಾ?"

"ತರ್ತೀನಿ! ನನಗೆ ಕಾಳು ಎತ್ತಿಡು."